1.5 ಟನ್, 5 ಕಿಲೋವ್ಯಾಟ್, 18,000 ಬಿ.ಟಿ.ಯು.: ಯಾವ ಎ.ಸಿ. ದೊಡ್ಡದು?

ಪ್ರಶ್ನೆ (ದಂತವೈದ್ಯೆ, ವಿಜಯಪುರ): ಕ್ಲಿನಿಕ್‌ಗೆ ಒಂದು ಎ.ಸಿ. ಹಾಕಸ್ಬೇಕು. ಮೂರು ಕಡೆ ರೇಟ್ ಕೇಳೀನಿ. ಒಬ್ರು "1.5 ಟನ್" ಅಂತಾರ, ಇನ್ನೊಬ್ರು "5 ಕಿಲೋವ್ಯಾಟ್" ಅಂತ ಬರದಾರ, ಆನ್‌ಲೈನ್‌ದಾಗ ಒಂದು "18,000 ಬಿ.ಟಿ.ಯು." ಅದ. ಮೂರಕ್ಕೂ ರೇಟ್ ಹತ್ತಹತ್ತಿರನ ಅದ. ಇದರಾಗ ದೊಡ್ಡದು ಯಾವುದ್ರೀ? ಇನ್ನೊಂದು, ನಮ್ಮ ಹೆಸ್ಕಾಂ ಮೀಟರ್ 3 ಕಿಲೋವ್ಯಾಟ್‌ದು. 5 ಕಿಲೋವ್ಯಾಟ್ ಎ.ಸಿ. ಅದರ ಮ್ಯಾಲ ನಡೀತದೇನು?

ಎಲೆಕ್ಟ್ರಿಕಲ್ ಅಂಗಡಿಯವರು, ಬಾಗಲಕೋಟೆ: ಮೇಡಂ, ಲೆಕ್ಕ ಸರಳ ಐತ್ರಿ. 1 ಟನ್ ಅಂದ್ರ ತಾಸಿಗೆ 12,000 ಬಿ.ಟಿ.ಯು. ಶಾಖ, ಅಂದ್ರ 1.5 ಟನ್ನಿಗೆ 18,000. ಕಿಲೋವ್ಯಾಟ್‌ನಾಗ ಅದು 5.27 ಆಗ್ತೈತಿ. ಹಂಗಾಗಿ ಮೊದಲನೇದು, ಮೂರನೇದು ಎರಡೂ ಒಂದ. 5 ಕಿಲೋವ್ಯಾಟ್‌ದು ಸಣ್ಣದು, ಅದನ್ನ ಬಿಡ್ರಿ. ಮೀಟರ್ ಮಾತ್ರ 3 ಇದ್ರ ಸಾಲೂದಿಲ್ಲ, ಮೊದಲು ಲೋಡ್ ಏರಿಸಿಕೊಳ್ರಿ.

ರೈತರು, ಮುಧೋಳ: ನಡುವ ಒಂದು ಕೇಳ್ತೀನ್ರಿ. ಕಬ್ಬು ತೂಗೂವಾಗ ಟನ್ ಅಂದ್ರ ಸಾವಿರ ಕೆ.ಜಿ. ಈ ಎ.ಸಿ. ಒಂದೂವರೆ ಟನ್ ಅಂದ್ರ ಏನು ತೂಕ? ನಮ್ಮ ಮನ್ಯಾಗಿಂದು ಇಬ್ಬರು ಎತ್ತಿ ಗ್ವಾಡಿಗೆ ಹಾಕಿದ್ರು. ಒಳಗ ಅಷ್ಟು ಗ್ಯಾಸ್ ತುಂಬಿರ್ತಾರೇನು?

ಎ.ಸಿ. ಸರ್ವಿಸ್, ಉದ್ಯಮಬಾಗ, ಬೆಳಗಾವಿ: ಕಾಕಾ, ಅದು ಗ್ಯಾಸಿನ ತೂಕಲ್ರಿ, ಗ್ಯಾಸ್ ಒಂದು ಕೆ.ಜಿ. ಆಜೂಬಾಜೂ ಇರ್ತೈತಿ. ಈ ಟನ್ ಹಳೇ ಐಸ್ ಲೆಕ್ಕದ್ದು. 2,000 ಪೌಂಡ್ ಐಸ್ 24 ತಾಸಿನಾಗ ಪೂರ್ತಿ ಕರಗಬೇಕಾದ್ರ ಎಷ್ಟು ಶಾಖ ಹೀರ್ತೈತೋ, ಅಷ್ಟು ಶಾಖ ಹೊರಗ ಹಾಕೂ ಮಷೀನ್ 1 ಟನ್. ಒಂದು ಪೌಂಡ್ ಐಸ್ ಕರಗಾಕ 144 ಬಿ.ಟಿ.ಯು. ಬೇಕು. 2,000 ಪೌಂಡಿಗೆ 2,88,000. ಅದನ್ನ 24ಕ್ಕ ಭಾಗಿಸಿದ್ರ ತಾಸಿಗೆ 12,000. ನಿಮ್ಮ ಕಬ್ಬಿನ ಟನ್ ಹಿಡಿದ್ರ ತಪ್ಪಾಗ್ತೈತಿ, ಯಾಕಂದ್ರ 2,000 ಪೌಂಡ್ ಅಂದ್ರ 907 ಕೆ.ಜಿ. ಅಷ್ಟ. ಸಾವಿರ ಕೆ.ಜಿ. ಐಸ್ ಅಂತ ಲೆಕ್ಕ ಮಾಡಿದ್ರ ಟನ್ನಿಗೆ 3.86 ಕಿಲೋವ್ಯಾಟ್ ಬರ್ತೈತಿ, ಖರೇ ಇರೂದು 3.517. ಎಲ್ಲ್ಯಾರ 3.86 ಅಂತ ಕಂಡ್ರ ಅದು ಈ ಗೊಂದಲದ್ದ ಅಂತ ತಿಳ್ಕೋರಿ.

ಈಗ ಮೇಡಂ ಅವರ ಮಾತಿಗೆ ಬರೂಣು. ಬಾಗಲಕೋಟಿ ಅಣ್ಣಾರು ಕೊಟ್ಟ ಅಂಕಿ ಸರಿ ಅದಾವು, ಆದ್ರ ಅದರ ಮ್ಯಾಲ ಹೇಳಿದ ತೀರ್ಪು ಅವಸರದ್ದಾತು. "1.5 ಟನ್" ಅನ್ನೂದು ಅಂಗಡ್ಯಾಗ ಕರಿಯೂ ಹೆಸರು. ಆ ಹೆಸರಿನಾಗ ಮಾರೂ ಎಷ್ಟೋ ಎ.ಸಿ. ಪೂರಾ 5,275 ವ್ಯಾಟ್ ಕೊಡೂದಿಲ್ಲ, 4,800ರಿಂದ 5,000 ಇರ್ತಾವು. ಅದಕ್ಕ ಟನ್ ನೋಡಿ ಹೋಲಿಸಬ್ಯಾಡ್ರಿ. ಸ್ಟಾರ್ ಲೇಬಲ್ ಮ್ಯಾಲ ಕೂಲಿಂಗ್ ಕೆಪ್ಯಾಸಿಟಿ 100% ಅಂತ ಒಂದು ಸಾಲು ಐತಿ, ಅಲ್ಲಿ ವ್ಯಾಟ್‌ನಾಗ ಬರದಿರ್ತಾರ. ಅದರ ಕೆಳಗ 50% ಅಂತ ಇನ್ನೊಂದು ಇರ್ತೈತಿ, ಅದನ್ನ ಹಿಡೀಬ್ಯಾಡ್ರಿ. ಮೂರೂ ಮಾಡೆಲ್‌ದು 100% ಸಾಲು ಓದಿ ಇಲ್ಲಿ ಹಾಕ್ರಿ.

ಬಿ.ಟಿ.ಯು. ಇದ್ರ 3.412ರಿಂದ ಭಾಗಿಸ್ರಿ, ವ್ಯಾಟ್ ಬರ್ತೈತಿ. ವ್ಯಾಟ್‌ನ್ನ 3,517ರಿಂದ ಭಾಗಿಸಿದ್ರ ಟನ್. ಈ ಎರಡು ಅಂಕಿ ಹತ್ತಹತ್ತಿರ ಇರೂದಕ್ಕ ಮಂದಿ ಅದಲುಬದಲು ಮಾಡ್ತಾರ. ಹಂಗ ಮಾಡಿದ್ರ 3% ತಪ್ಪು ಬರ್ತೈತಿ, ಉತ್ತರ ಸರಿ ಇದ್ದಂಗ ಕಾಣ್ತೈತಿ, ಅದಕ್ಕ ಸಿಗೂದಿಲ್ಲ.

ದಂತವೈದ್ಯೆ: ಲೇಬಲ್ ಫೋಟೋ ತರಿಸಿದೆ ಸರ. "1.5 ಟನ್"ದ್ದು 4,850 ವ್ಯಾಟ್ ಅದ. "5 ಕಿಲೋವ್ಯಾಟ್"ದ್ದು 5,000. ಆನ್‌ಲೈನ್‌ದಾಗ 18,000 ಅನ್ನೂದರ ಬಾಜೂಕ "ಗರಿಷ್ಠ" ಅಂತ ಸಣ್ಣಾಗಿ ಅದ, ರೇಟೆಡ್ 17,060 ಅಂತ ಕೆಳಗ ಬರದಾರ.

ಎ.ಸಿ. ಸರ್ವಿಸ್, ಬೆಳಗಾವಿ: ನೋಡ್ರಿ, ಲೆಕ್ಕ ತಿರುಗಿ ಬಿತ್ತು. 4,850 ÷ 3,517 ಅಂದ್ರ 1.38 ಟನ್. 5,000 ಅಂದ್ರ 1.42 ಟನ್. 17,060 ÷ 3.412 ಮಾಡಿದ್ರ ಅದೂ 5,000 ವ್ಯಾಟ್. ಅಂದ್ರ ಎರಡನೇದು, ಮೂರನೇದು ಸಮ. "1.5 ಟನ್" ಅಂದವರದ ಎಲ್ಲಕ್ಕಿಂತ ಸಣ್ಣದು. ಇನ್ವರ್ಟರ್ ಎ.ಸಿ. ಕಂಪ್ರೆಸರ್ ಜೋರು ಓಡಿದಾಗ ರೇಟೆಡ್‌ಕಿಂತ ಹೆಚ್ಚು ಕೊಡ್ತೈತಿ, ಆ ತುದಿ ಅಂಕಿನ ಜಾಹೀರಾತಿನ್ಯಾಗ ಹಾಕ್ತಾರ. ಗರಿಷ್ಠದ ಜೋಡಿ ಗರಿಷ್ಠ, ರೇಟೆಡ್ ಜೋಡಿ ರೇಟೆಡ್ ಹೋಲಿಸಬೇಕು. ಆದ್ರ 4,850ಕ್ಕೂ 5,000ಕ್ಕೂ ಇರೂ ಫರಕ ಬರೇ 3%. ನಿಮ್ಮ ರೂಮಿನಾಗ ಅದು ತಿಳಿಯೂದಿಲ್ಲ. ಸರ್ವಿಸ್ ಯಾರು ಬೇಗ ಬರ್ತಾರೋ ಅವರ ಹತ್ರ ತಗೋರಿ ಅಂತ ನನ್ನ ಮಾತು.

ಇನ್ನ ಮೀಟರ್. ಆ 5 ಕಿಲೋವ್ಯಾಟ್ ಅನ್ನೂದು ರೂಮಿನಿಂದ ಹೊರಗ ಹೋಗೂ ಶಾಖ, ನಿಮ್ಮ ಮೀಟರಿನಿಂದ ಎಳಿಯೂ ಕರೆಂಟ್ ಅಲ್ಲ. ಔಟ್‌ಡೋರ್ ಯೂನಿಟ್ ಮ್ಯಾಲಿನ ಪ್ಲೇಟಿನ್ಯಾಗ ಇನ್‌ಪುಟ್ ಅಂತ ಬ್ಯಾರೆ ಸಾಲು ಐತಿ. ಅದು 1,450 ವ್ಯಾಟ್ ಇದ್ರ 230 ವೋಲ್ಟ್‌ಗೆ ಆರೂವರೆ, ಏಳು ಆಂಪಿಯರ್ ಆಸುಪಾಸು. ವೈರಿಂಗಿಗೆ ಮಾತ್ರ ಮ್ಯಾಕ್ಸಿಮಮ್ ಇನ್‌ಪುಟ್ ಹಿಡೀರಿ, ಉದಾಹರಣೆಗೆ 2,000 ವ್ಯಾಟ್ ಅಂತ ಬರದಿದ್ರ ಅದನ್ನ. ಬಿಸಿಲು ಏರಿದಷ್ಟು ಇನ್‌ಪುಟ್ ಏರ್ತೈತಿ. ಕ್ಲಿನಿಕ್‌ನಾಗ ಮತ್ತೇನೇನು ಅದಾವು?

ದಂತವೈದ್ಯೆ: ಆಟೋಕ್ಲೇವ್ 2 ಕಿಲೋವ್ಯಾಟ್‌ದ್ದು, ಚೇರಿನ ಏರ್ ಕಂಪ್ರೆಸರ್ 1 ಎಚ್.ಪಿ., ಮತ್ತ ಲೈಟು, ಫ್ಯಾನು, ಸಣ್ಣ ಫ್ರಿಜ್.

ಎ.ಸಿ. ಸರ್ವಿಸ್, ಬೆಳಗಾವಿ: ಹಂಗಿದ್ರ ಅಣ್ಣಾರು ಹೇಳಿದ್ದ ಸರಿ ಆತು, ಕಾರಣ ಮಾತ್ರ ಬ್ಯಾರೆ. ಎ.ಸಿ. 2, ಆಟೋಕ್ಲೇವ್ 2, ಕಂಪ್ರೆಸರ್ ಮುಕ್ಕಾಲು, ಒಟ್ಟು 4.75. ಮೂರೂ ಒಮ್ಮೆ ಓಡಿದ್ರ 3 ಕಿಲೋವ್ಯಾಟ್ ದಾಟ್ತೈತಿ. ಹೆಸ್ಕಾಂ ಆಫೀಸಿನಾಗ ಲೋಡ್ ಏರಿಸ್ಲಿಕ್ಕೆ ಅರ್ಜಿ ಹಾಕ್ರಿ. ಅಲ್ಲಿ ಎ.ಸಿ. ಅಂತ ಬರಿಯೂವಾಗ 5 ಬರೀಬ್ಯಾಡ್ರಿ, ಇನ್‌ಪುಟ್ ಬರೀರಿ. ಇಲ್ಲಾಂದ್ರ ಬ್ಯಾಡಾದ ಲೋಡಿಗೆ ಪ್ರತಿ ತಿಂಗಳ ಫಿಕ್ಸಡ್ ಚಾರ್ಜ್ ಕಟ್ಟಬೇಕಾಗ್ತೈತಿ.

ಎಲೆಕ್ಟ್ರಿಕಲ್ ಅಂಗಡಿಯವರು, ಬಾಗಲಕೋಟೆ: ಒಪ್ಪಿದೆ ಸರ. ಆದ್ರ ನಾ ಇನ್ನೂ ಅಂತೀನಿ, ನಮ್ಮ ಕಡೆ ಏಪ್ರಿಲ್-ಮೇ ತಿಂಗಳದಾಗ 40 ಡಿಗ್ರಿ ದಾಟ್ತೈತಿ. ಆ ಲೇಬಲ್ ಅಂಕಿ ಹೊರಗ 35 ಡಿಗ್ರಿ ಇದ್ದಾಗಿಂದು. ನಾನಾದ್ರ ಮೇಡಂಗ 2 ಟನ್ ಹಾಕಿಸಿದ್ದೆ.

ಎ.ಸಿ. ಸರ್ವಿಸ್, ಬೆಳಗಾವಿ: 35ರ ಮಾತು ಖರೇ ಐತ್ರಿ, ಹೊರಗಿನ ಬಿಸಿ ಏರಿದ್ರ ಕೂಲಿಂಗ್ ಇಳೀತೈತಿ. ಎಷ್ಟು ಅನ್ನೂದು ಮಾಡೆಲ್ ಮ್ಯಾಲ ಐತಿ, ಕಂಪನಿಯ ಟೆಕ್ನಿಕಲ್ ಪುಸ್ತಕದಾಗ ಹೊರಗಿನ ಉಷ್ಣಕ್ಕ ತಕ್ಕ ಟೇಬಲ್ ಇರ್ತೈತಿ, ಅಂಗಡಿಯವರಿಗೆ ಕೇಳಿದ್ರ ತರಿಸಿ ಕೊಡ್ತಾರ. ಆದ್ರ 2 ಟನ್ ಅಂತ ಈಗ ಹೇಳಾಕ ನಾ ತಯಾರಿಲ್ಲ. ರೂಮ್ ಅಳತಿ ಎಷ್ಟು, ಮ್ಯಾಲ ಸ್ಲ್ಯಾಬಿಗೆ ನೇರ ಬಿಸಿಲು ಬೀಳ್ತೈತೇನು, ಪಶ್ಚಿಮಕ್ಕ ಗಾಜಿನ ಬಾಗಿಲ ಐತೇನು? ಇದು ಗೊತ್ತಾಗೂತನಕ 5,000 ವ್ಯಾಟ್ ಸಾಕೋ, ಇನ್ನೂ ಹೆಚ್ಚು ಬೇಕೋ ಅಂತ ಯಾರೂ ಹೇಳಾಕ ಬರೂದಿಲ್ಲ.

ದಂತವೈದ್ಯೆ: 12 × 14 ಫೂಟ್, ಮ್ಯಾಲಿನ ಮಾಳಿಗಿ, ಗಾಜು ದಕ್ಷಿಣಕ್ಕ ಅದ. ಹಿಂದಿನ ಬಾಡಿಗೆದಾರರ ಹಳೇ ವಿಂಡೋ ಎ.ಸಿ. ಇಲ್ಲೇ ಬಿದ್ದದ, ಅದರ ಪ್ಲೇಟಿನ್ಯಾಗ "4500 ಕಿಲೋ ಕ್ಯಾಲೋರಿ ಪರ್ ಅವರ್" ಅಂತ ಅದ. ಇದೇನ್ರೀ ಮತ್ತ?

ಎ.ಸಿ. ಸರ್ವಿಸ್, ಬೆಳಗಾವಿ: ಹಳೇ ಪ್ಲೇಟಿನ್ಯಾಗ ಹಂಗ ಬರೀತಿದ್ರು. 1 ಟನ್ನಿಗೆ 3,024. ನಿಮ್ಮದು 1.49 ಟನ್, ಅಂದ್ರ 5,230 ವ್ಯಾಟ್. ಅದು ನಡೀತಿದ್ದಾಗ ಮೇ ತಿಂಗಳದಾಗ ರೂಮ್ ತಣ್ಣಗ ಆಗ್ತಿತ್ತೇನು ಅಂತ ಹಿಂದಿನವರಿಗೆ ಒಂದು ಫೋನ್ ಮಾಡಿ ಕೇಳ್ರಿ. ಸ್ಲ್ಯಾಬ್ ಬಿಸಿಲಿಗೆ ಎಷ್ಟು ಹಿಡಿಬೇಕು ಅನ್ನೂದು ಆಮ್ಯಾಲ ನೋಡೂಣು.