ಸಮ ಉದ್ದದ ಸ್ಪರ್ಶಕಗಳು: ಆ ಬಿಂದುಗಳೆಲ್ಲ ನೇರ ಗೆರೆಗೇ ಏಕೆ ಬಂದು ಕೂರುತ್ತವೆ?

ಪ್ರಶ್ನೆ: ಎರಡು ವೃತ್ತಗಳಿಗೂ ಸ್ಪರ್ಶಕದ ಉದ್ದ ಒಂದೇ ಆಗುವ ಬಿಂದುಗಳನ್ನು ಗುರುತು ಹಾಕುತ್ತಾ ಹೋದೆ. ಎಲ್ಲವೂ ಒಂದೇ ನೇರ ಗೆರೆ ಮೇಲೆ ಬಂದವು. ಏಕೆ? ಕೈವಾರ, ಸ್ಕೇಲಿನಲ್ಲಿ ಆ ಗೆರೆ ಎಳೆಯೋದು ಹೇಗೆ? ನನ್ನ ತ್ರಿಜ್ಯಗಳು 5 ಮತ್ತು 3 ಸೆಂ.ಮೀ., ಕೇಂದ್ರಗಳ ನಡುವೆ 10 ಸೆಂ.ಮೀ.

ಒಬ್ಬ ಸದಸ್ಯ: ಇದಕ್ಕೆ ಇಷ್ಟೆಲ್ಲಾ ಯಾಕೆ? ಎರಡು ವೃತ್ತಗಳ ನಡುವೆ 2 ಸೆಂ.ಮೀ. ಖಾಲಿ ಇದೆ. ಅದರ ಮಧ್ಯಕ್ಕೆ, ಅಂದರೆ ದೊಡ್ಡದರ ಕೇಂದ್ರದಿಂದ 6 ಸೆಂ.ಮೀ. ದೂರದಲ್ಲಿ, ಒಂದು ಲಂಬ ಎಳೆದರೆ ಆಯ್ತು.

ಗಣಿತ ಮೇಷ್ಟ್ರು: ಲಂಬ ಅನ್ನೋದು ಸರಿ, ಜಾಗ ಸರಿಯಿಲ್ಲ. ಆ ಬಿಂದುವಿನಲ್ಲೇ ಪರೀಕ್ಷೆ ಮಾಡಿ. ಸ್ಪರ್ಶಕ ಮತ್ತು ತ್ರಿಜ್ಯ ಲಂಬವಾಗಿರುವುದರಿಂದ, ಸ್ಪರ್ಶಕದ ವರ್ಗ ಅಂದರೆ ಕೇಂದ್ರದ ದೂರದ ವರ್ಗದಲ್ಲಿ ತ್ರಿಜ್ಯದ ವರ್ಗ ಕಳೆದದ್ದು. ದೊಡ್ಡದಕ್ಕೆ 36 − 25 = 11, ಚಿಕ್ಕದಕ್ಕೆ 16 − 9 = 7. ಸಮ ಆಗಲಿಲ್ಲ, ಅಲ್ವಾ? ಎರಡೂ ತ್ರಿಜ್ಯ ಒಂದೇ ಇದ್ದಿದ್ದರೆ ನಿಮ್ಮ ಮಾತು ನಡೆಯುತ್ತಿತ್ತು.

ಈಗ ನೇರ ಏಕೆ ಅನ್ನೋದು. ಕೇಂದ್ರಗಳು A, B ಇರಲಿ. P ಯಿಂದ ಸ್ಪರ್ಶಕಗಳು ಸಮವಾಗಬೇಕಾದರೆ PA² − 25 = PB² − 9 ಆಗಬೇಕು. ಅಂದರೆ PA² − PB² ಯಾವಾಗಲೂ 16. P ಯಿಂದ AB ಗೆರೆಗೆ ಲಂಬ ಇಳಿಸಿ, ಅದು ತಾಗುವ ಜಾಗ H. ಪೈಥಾಗೊರಸ್ ಪ್ರಕಾರ PA² ಯಲ್ಲಿ PH² ಇದೆ, PB² ಯಲ್ಲೂ ಅದೇ PH² ಇದೆ. ಕಳೆದಾಗ ಅದು ಹಾರಿಹೋಗುತ್ತದೆ. ಉಳಿಯುವುದು HA² − HB² = 16 ಮಾತ್ರ.

ಗುಟ್ಟೆಲ್ಲ ಇಲ್ಲೇ ಇದೆ. P ಎಷ್ಟು ಎತ್ತರದಲ್ಲಿದೆ ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ. A ಯಿಂದ H ಗೆ x ಅಂದುಕೊಂಡರೆ x² − (10 − x)² = 16. ಬಿಡಿಸಿದರೆ x² ಕೂಡ ಹೋಗಿ 20x = 116, ಅಂದರೆ x = 5.8. ಉತ್ತರ ಒಂದೇ, ಹಾಗಾಗಿ H ಒಂದೇ ಕಡೆ ನಿಲ್ಲುತ್ತದೆ. P ಅದರ ಮೇಲೆ, ಕೆಳಗೆ ಎಲ್ಲಿ ಬೇಕಾದರೂ ಇರಬಹುದು. ಅದೇ ನಿಮ್ಮ ನೇರ ಗೆರೆ.

ಇನ್ನೊಬ್ಬ ಸದಸ್ಯೆ: ಎರಡು ವೃತ್ತಕ್ಕೂ ಸೇರಿ ಒಂದೇ ಸ್ಪರ್ಶಕ ಎಳೆಯೋದನ್ನ ಕೇಳ್ತಿದ್ದೀರಾ? ಅದು ಸುಲಭ. ಮೇಲೊಂದು, ಕೆಳಗೊಂದು ಬರುತ್ತೆ.

ಗಣಿತ ಮೇಷ್ಟ್ರು: ಅವರು ಕೇಳಿದ್ದು ಅದಲ್ಲ, ಆದರೆ ನಿಮ್ಮ ಮಾತು ಉಪಯೋಗಕ್ಕೆ ಬಂತು! ಆ ಎರಡು ಸ್ಪರ್ಶಕಗಳ ಮಧ್ಯಬಿಂದುಗಳನ್ನು ಸೇರಿಸಿದರೂ ಇದೇ ಗೆರೆ ಸಿಗುತ್ತದೆ. ಮಧ್ಯಬಿಂದುವಿನಿಂದ ಎರಡೂ ಕಡೆ ಅಷ್ಟೇ ಉದ್ದ ತಾನೇ? ಒಂದು ವೃತ್ತ ಇನ್ನೊಂದರ ಒಳಗಿದ್ದರೆ ಮಾತ್ರ ಈ ದಾರಿ ಮುಚ್ಚಿಹೋಗುತ್ತದೆ.

ನಾನು ಮೂರನೇ ವೃತ್ತದ ದಾರಿ ಹಿಡಿಯುತ್ತೇನೆ. A ಯಿಂದ AB ಮೇಲೆ 6 ಸೆಂ.ಮೀ. ಹೋಗಿ, ಅಲ್ಲಿಂದ ನೇರ ಮೇಲಕ್ಕೆ 5 ಸೆಂ.ಮೀ. ಏರಿ. ಅಲ್ಲಿ ಕೈವಾರದ ಮುಳ್ಳು ಇಟ್ಟು 6 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಅದು ನಿಮ್ಮ ಎರಡೂ ವೃತ್ತಗಳನ್ನು ಎರಡೆರಡು ಕಡೆ ಕತ್ತರಿಸುತ್ತದೆ. ಪ್ರತಿ ಜೋಡಿಯನ್ನು ಸೇರಿಸಿ ಕೆಳಕ್ಕೆ ಉದ್ದ ಮಾಡಿ. ಎರಡು ಗೆರೆ AB ಗಿಂತ ಸುಮಾರು 2 ಸೆಂ.ಮೀ. ಕೆಳಗೆ ಸೇರುತ್ತವೆ. ಅಲ್ಲಿಂದ AB ಗೆ ಲಂಬ ಎಳೆದರೆ ಮುಗಿಯಿತು. ಮೊದಲ ಗೆರೆಯ ಮೇಲೆ ಒಂದನೇ ಮತ್ತು ಮೂರನೇ ವೃತ್ತದ ಸ್ಪರ್ಶಕಗಳು ಸಮ. ಇನ್ನೊಂದರ ಮೇಲೆ ಎರಡನೇ ಮತ್ತು ಮೂರನೆಯದಕ್ಕೆ ಸಮ. ಹಾಗಾಗಿ ಸೇರುವ ಬಿಂದುವಿನಲ್ಲಿ ಮೂರಕ್ಕೂ ಸಮ. ಅಲ್ಲಿಂದ ಸ್ಪರ್ಶಕ ಅಳೆದು ನೋಡಿ, ಸುಮಾರು 3.5 ಸೆಂ.ಮೀ. ಬರಬೇಕು.

ಮೂರನೇ ಕೇಂದ್ರ AB ಗೆರೆಯ ಮೇಲೇ ಬಿದ್ದರೆ ಎರಡೂ ಗೆರೆ ಸಮಾಂತರವಾಗಿ ಹೋಗುತ್ತವೆ, ಸೇರುವುದೇ ಇಲ್ಲ. ತೀರಾ ಹತ್ತಿರ ಇದ್ದರೂ ಕಷ್ಟ. ಗೆರೆಗಳು ಸಣ್ಣ ಕೋನದಲ್ಲಿ ಸೇರಿ, ಪೆನ್ಸಿಲ್ ತುದಿಯ ದಪ್ಪಕ್ಕೇ ಬಿಂದು ಎಲ್ಲೆಲ್ಲೋ ಜಾರುತ್ತದೆ.

ಮತ್ತೊಬ್ಬರು: ನಾನು ಕಂಪ್ಯೂಟರಿನಲ್ಲಿ ಮಾಡಿದಾಗ 5 ರ ವೃತ್ತದೊಳಗೆ 1 ರದು ಇತ್ತು, ಕೇಂದ್ರಗಳ ನಡುವೆ 2. ಗೆರೆ ಎರಡರಿಂದಲೂ ಹೊರಗೆ, 7 ರಲ್ಲಿ ಬಂತು. ಸಾಫ್ಟ್‌ವೇರ್ ತಪ್ಪು ಅಂದುಕೊಂಡು ಬಿಟ್ಟುಬಿಟ್ಟೆ.

ಗಣಿತ ಮೇಷ್ಟ್ರು: ಸರಿಯಾಗೇ ಇದೆ. 49 − 25 = 24, ಆ ಕಡೆ 25 − 1 = 24. ಕೇಂದ್ರಗಳನ್ನು ಹತ್ತಿರ ತಂದಷ್ಟೂ ಗೆರೆ ದೂರ ಓಡುತ್ತದೆ. ಕೇಂದ್ರ ಒಂದೇ ಆದರೆ ಗೆರೆಯೇ ಇಲ್ಲ.

ಪ್ರಶ್ನೆ ಕೇಳಿದವರು: 5.8 ಕ್ಕೇ ಬಂತು ಸರ್. ಎರಡು ವೃತ್ತ ಒಂದನ್ನೊಂದು ಕತ್ತರಿಸಿದರೆ?

ಗಣಿತ ಮೇಷ್ಟ್ರು: ಆಗ ಮೂರನೆಯದು ಬೇಡ. ಕತ್ತರಿಸುವ ಎರಡು ಬಿಂದುಗಳ ಮೂಲಕ ಸ್ಕೇಲ್ ಇಟ್ಟು ಎಳೆದರೆ ಅದೇ ಗೆರೆ.

ಮೊದಲ ಸದಸ್ಯ: ಆ ಎರಡು ಬಿಂದುಗಳ ನಡುವಿನ ತುಂಡು ವೃತ್ತಗಳ ಒಳಗಿದೆಯಲ್ಲ. ಅಲ್ಲಿಂದ ಸ್ಪರ್ಶಕವೇ ಬರಲ್ಲ. ಹಾಗಾದ್ರೆ ಅದನ್ನು ಗೆರೆಯಿಂದ ತೆಗೆಯಬೇಕು.

ಗಣಿತ ಮೇಷ್ಟ್ರು: ಸ್ಪರ್ಶಕವೇ ಬೇಕು ಅಂದರೆ ತೆಗೆಯಿರಿ. ನಾನು ದೂರದ ವರ್ಗದಲ್ಲಿ ತ್ರಿಜ್ಯದ ವರ್ಗ ಕಳೆದ ಸಂಖ್ಯೆಯನ್ನೇ ನೋಡುತ್ತೇನೆ. ಅಲ್ಲಿ ಅದು ಋಣ, ಆದರೂ ಎರಡಕ್ಕೂ ಸಮ. ಹಾಗಾಗಿ ಇಟ್ಟುಕೊಳ್ಳುತ್ತೇನೆ.

ಮೊದಲ ಸದಸ್ಯ: ಋಣ ಸಂಖ್ಯೆಗೆ ಉದ್ದ ಎಲ್ಲಿಂದ ಸರ್? ನಾನಂತೂ ಒಪ್ಪಲ್ಲ.