ಅಪ್‌ಡೇಟ್: ಅಮ್ಮನ ನಾಲಿಗೆ ಉರಿ

ನನ್ನ ಪ್ರಶ್ನೆ: "ಅಮ್ಮನಿಗೆ 58 ವರ್ಷ. ತಿಂಗಳುಗಳಿಂದ ನಾಲಿಗೆ ತುದಿ ಉರಿ, ಹುಣ್ಣೇನೂ ಕಾಣಲ್ಲ. ಯಾವ ಟೆಸ್ಟ್ ಮಾಡಿಸಬೇಕು?"

ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಬಾಯಿ ರೋಗಗಳ ತಜ್ಞರಿಗೆ, ಅಂದ್ರೆ ಓರಲ್ ಮೆಡಿಸಿನ್‌ನವರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದು, "ಊಟ ಮಾಡುವಾಗ ಉರಿ ಹೆಚ್ಚತ್ತಾ, ಕಡಿಮೆಯಾಗತ್ತಾ?" ಅಂತ. ಅಮ್ಮನಿಗೆ ತಿನ್ನುವಾಗ ಆರಾಮು, ಸಂಜೆ ಹೊತ್ತಿಗೆ ಜಾಸ್ತಿ. ಬರ್ನಿಂಗ್ ಮೌತ್, ಅಂದ್ರೆ ಕಾರಣ ಕಾಣದೆ ಬಾಯಿ ಉರಿಯೋ ತೊಂದರೆಯಲ್ಲಿ ಹೀಗಾಗೋದು ಸಾಮಾನ್ಯವಂತೆ, ಮುಟ್ಟು ನಿಂತ ಹೆಂಗಸರಲ್ಲೇ ಹೆಚ್ಚು. ಆದರೆ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಆಗದೆ ಆ ಹೆಸರಿಡೋ ಹಾಗಿಲ್ಲ. ಅದಕ್ಕೇ ರಕ್ತಕಣಗಳಿಗೆ ಸಿಬಿಸಿ, ಕಬ್ಬಿಣಾಂಶಕ್ಕೆ ಫೆರಿಟಿನ್, ಬಿ12, ಶುಗರ್, ಥೈರಾಯ್ಡ್, ಜೊತೆಗೆ ಫಂಗಸ್‌ಗೆ ನಾಲಿಗೆಯ ಸ್ವಾಬ್. ಬಿಪಿ ಮಾತ್ರೆ ಚೀಟಿಯನ್ನೂ ನೋಡಿದರು, ಎನಾಲಾಪ್ರಿಲ್ ಗುಂಪಿನ ಮಾತ್ರೆಗಳಿಂದಲೂ ಉರಿ ಬರಬಹುದು.

ಬಿ12 ಕಡಿಮೆ ಇತ್ತು. ಇಂಜೆಕ್ಷನ್ ಆಗಿ ಲೆವೆಲ್ ಸರಿಯಾದರೂ ಉರಿ ಹೋಗಲಿಲ್ಲ. ಆಮೇಲೆ ನರಗಳನ್ನು ಶಾಂತಗೊಳಿಸೋ ಕ್ಲೋನಾಜೆಪಾಮ್ ಮಾತ್ರೆ ಬರೆದುಕೊಟ್ಟರು. ನುಂಗೋದಲ್ಲ, ಮೂರು ನಿಮಿಷ ಚೀಪಿ, ಜೊಲ್ಲನ್ನು ಉರಿಯೋ ಜಾಗಕ್ಕೆ ತಾಗಿಸಿ ಉಗುಳಬೇಕು. ತೂಕಡಿಕೆ ಬರುತ್ತೆ, ಅಭ್ಯಾಸವೂ ಆಗಬಹುದು. ಸ್ವಂತಕ್ಕೆ ತಗೊಳ್ಳೋ ಮಾತ್ರೆಯಲ್ಲ. ನೊರೆ ಬರೋ ಪುದೀನಾ ಪೇಸ್ಟ್, ಮೌತ್‌ವಾಶ್ ಬಿಡಿಸಿದರು.

ಪೂರ್ತಿ ಹೋಗತ್ತೆ ಅಂತ ಡಾಕ್ಟರ್ ಮಾತು ಕೊಟ್ಟಿಲ್ಲ. ಈಗ ಸಂಜೆಯ ಉರಿ ಸುಮಾರು ಅರ್ಧಕ್ಕೆ ಇಳಿದಿದೆ. ಕ್ಯಾನ್ಸರ್ ಅಲ್ಲ ಅಂತ ಗೊತ್ತಾದ ಮೇಲೆ ಅಮ್ಮ ಕನ್ನಡಿ ಮುಂದೆ ನಾಲಿಗೆ ಚಾಚೋದನ್ನ ನಿಲ್ಲಿಸಿದ್ದಾರೆ.