ಜೆರ್ಸಿ ನಂಬರ್ ಬೆವರಿನ ಕಲೆ ಹತ್ತಿರ ಮುರಿಯುತ್ತಿದೆ, ಡಿಸ್‌ಪ್ಲೇಸ್ ಕೈ ಕೊಟ್ಟಿದೆ

ಕೆಂಪಂಗಿ_7
ಮೂರು ರಾತ್ರಿ ಹೋಯಿತು. ಫೋಟೋದಲ್ಲಿ ಆಟಗಾರನದು ಕೆಂಪು ಜೆರ್ಸಿ, ಬಿಳಿ 7. ಅದನ್ನು ಅವನ ಹೊಸ ತಂಡದ ನೀಲಿ ಮಾಡಿ ಹಳದಿ 18 ಕೂರಿಸಬೇಕು. ಬಣ್ಣ ಚೆನ್ನಾಗಿಯೇ ಬಂತು. ಫೋಟೋಶಾಪ್‌ನಲ್ಲಿ ಮ್ಯಾಪ್ ಮಾಡಿ ಡಿಸ್‌ಪ್ಲೇಸ್ ಕೊಟ್ಟರೆ 18 ಮಡಿಕೆ ಹಿಡಿದು ಬಾಗುವುದೇ ಇಲ್ಲ. ಎದೆ ನಡುವೆ ಒಂದು ಕಡೆ ಮೆಟ್ಟಿಲಿನ ಹಾಗೆ ಮುರಿಯುತ್ತದೆ. ಏನು ತಪ್ಪು?

ಪಿಕ್ಸೆಲ್_ಪುಟ್ಟ
ಸ್ಕೇಲ್ ಸಾಲದು, ಅಷ್ಟೇ. 10 ಇದ್ದರೆ 25 ಮಾಡಿ. ನಾನು ಯಾವಾಗಲೂ ಹಾಗೇ ಮಾಡುವುದು.

ಕೆಂಪಂಗಿ_7
ಮಾಡಿದೆ. ಮೆಟ್ಟಿಲು ಇನ್ನೂ ದೊಡ್ಡದಾಯಿತು.

ಪಿಕ್ಸೆಲ್_ಪುಟ್ಟ
ಹಾಗಾದರೆ ಅಡ್ಡಕ್ಕೆ 25 ಇರಲಿ, ಉದ್ದಕ್ಕೆ 40 ಕೊಟ್ಟು ನೋಡಿ.

ಬಣ್ಣದ_ಬುಟ್ಟಿ
ಕೆಂಪು ನೀಲಿ ಮಾಡೋಕೆ ಹ್ಯೂ ಎಳೆದರೆ ಸಾಕು. ನಾನು ಕಪ್ಪು ಜೆರ್ಸಿಯನ್ನು ಬಿಳಿ ಮಾಡಲು ಹೋಗಿ ಒದ್ದಾಡಿದ್ದೆ. ಹ್ಯೂ ಅಲ್ಲಿ ನಡೆಯಲ್ಲ, ಕರ್ವ್ಸ್‌ನಲ್ಲಿ ಎತ್ತಬೇಕು.

ಕೆಂಪಂಗಿ_7
ಬಣ್ಣದ ತೊಂದರೆ ಇಲ್ಲ ಅಂದೆನಲ್ಲಾ. ನಂಬರ್ ಮುರಿಯುತ್ತಿರುವುದು.

ನೆರಳು_ನೋಡುವವ
ಸ್ಕೇಲ್ ಮುಟ್ಟಬೇಡಿ. ಮ್ಯಾಪ್ ಫೈಲ್ ತೆರೆದು ನೋಡಿ. ಅದರಲ್ಲಿ ಹಳೇ 7 ಕಾಣುತ್ತಿದೆಯಾ? ಬೆವರಿನ ಕಪ್ಪು ಕಲೆ?

ಕೆಂಪಂಗಿ_7
ಎರಡೂ ಕಾಣುತ್ತಿವೆ. ಫೋಟೋವನ್ನೇ ಕಪ್ಪು ಬಿಳುಪು ಮಾಡಿ ಉಳಿಸಿದ್ದು.

ನೆರಳು_ನೋಡುವವ
ಸಿಕ್ಕಿತು. ಡಿಸ್‌ಪ್ಲೇಸ್‌ಗೆ ಬಟ್ಟೆ ಗೊತ್ತಿಲ್ಲ, ಬೆಳಕು ಮಾತ್ರ ಗೊತ್ತು. 128ರ ಬೂದು ಬಣ್ಣ ಇದ್ದಲ್ಲಿ ನಂಬರ್ ಅಲ್ಲಾಡುವುದಿಲ್ಲ. ಅದಕ್ಕಿಂತ ಕಪ್ಪಾದರೆ ಒಂದು ಕಡೆ, ಬೆಳ್ಳಗಾದರೆ ಇನ್ನೊಂದು ಕಡೆ ಸರಿಯುತ್ತದೆ. ಮಡಿಕೆಯ ಒಳಗೂ ಕಪ್ಪು, ಒದ್ದೆ ಬಟ್ಟೆಯೂ ಕಪ್ಪು. ಕಲೆ ಚಪ್ಪಟೆಯಾಗಿದ್ದರೂ ಅದನ್ನು ಹಳ್ಳ ಅಂದುಕೊಂಡು ಅದರ ಅಂಚಿನಲ್ಲಿ ನಂಬರನ್ನು ತಳ್ಳುತ್ತದೆ. ಹಳೇ 7ರ ಅಂಚಿನಲ್ಲೂ ಅದೇ ಕಥೆ. ಅದೇ ನಿಮ್ಮ ಮೆಟ್ಟಿಲು.

ಹೀಗೆ ಮಾಡಿ. ಮ್ಯಾಪ್‌ಗೆ ರೆಡ್ ಚಾನೆಲ್ ಒಂದನ್ನೇ ತೆಗೆದುಕೊಳ್ಳಿ. ಕೆಂಪು ಬಟ್ಟೆಯೂ ಬಿಳಿ 7 ಕೂಡ ಅದರಲ್ಲಿ ಬೆಳ್ಳಗೇ ಇರುತ್ತವೆ. ಹಾಗಾಗಿ 7 ಹೆಚ್ಚುಕಡಿಮೆ ಮಾಯವಾಗಿ ಮಡಿಕೆ ಉಳಿಯುತ್ತದೆ. ಪೂರ್ತಿ ಬೆಳ್ಳಗೆ ಹೊಡೆದಿದ್ದರೆ ಮಾತ್ರ ಅಲ್ಲಿ ಮಡಿಕೆಯೂ ಇರುವುದಿಲ್ಲ, ಆಗ ರಾ ಫೈಲ್‌ನಲ್ಲಿ ಬೆಳಕು ಇಳಿಸಿ ಮತ್ತೆ ತೆಗೆಯಬೇಕು. ಆಮೇಲೆ Filter > Other > High Pass. ರೇಡಿಯಸ್ ಮಡಿಕೆಯ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಮಡಿಕೆ 25 ಪಿಕ್ಸೆಲ್ ಇದ್ದರೆ 40 ಕೊಡಿ. ಅಗಲವಾದ ಬೆವರಿನ ಕಲೆ ಕರಗಿ 128ರ ಹತ್ತಿರ ಬರುತ್ತದೆ. ಕಲೆಯ ಅಂಚು ಚೂಪಾಗಿದ್ದರೆ ಅಲ್ಲಿ ಗೆರೆ ಉಳಿಯುತ್ತದೆ, ಅದನ್ನು ಕೈಯಲ್ಲೇ ಒರೆಸಿ. ಕೊನೆಗೆ 3 ಪಿಕ್ಸೆಲ್ ಬ್ಲರ್ ಕೊಡಿ, ಇಲ್ಲದಿದ್ದರೆ ಜಾಲರಿ ಬಟ್ಟೆಯ ತೂತುಗಳಿಂದ ನಂಬರ್ ಅಂಚು ಗರಗಸದ ಹಾಗೆ ಆಗುತ್ತದೆ. PSD ಆಗಿ ಉಳಿಸಿ, ಸ್ಕೇಲ್ 10.

ಜಿಂಪ್_ಗಿರಿ
ಜಿಂಪ್‌ನಲ್ಲೂ ಡಿಸ್‌ಪ್ಲೇಸ್ ಇದೆ. ದುಡ್ಡು ಕೊಡಬೇಕಾಗಿಲ್ಲ.

ಪಿಕ್ಸೆಲ್_ಪುಟ್ಟ
ಅವರು ಕೇಳಿದ್ದು ಅದಲ್ಲ ಗುರು.

ಕೆಂಪಂಗಿ_7
ಮೆಟ್ಟಿಲು ಹೋಯಿತು! ಆದರೆ ಈಗ ಬೇರೆ ತೊಂದರೆ. ಕುತ್ತಿಗೆ ಹತ್ತಿರ ಸರಿಯಾಗಿ ಕೂತಿದೆ. ಕೆಳಗೆ ಹೋದ ಹಾಗೆ ಮಡಿಕೆಗಿಂತ ಸ್ವಲ್ಪ ಮೇಲೆಯೇ ನಂಬರ್ ಬಾಗುತ್ತದೆ.

ನೆರಳು_ನೋಡುವವ
ಮ್ಯಾಪ್ ಯಾವ ಫೈಲ್‌ನಿಂದ ತೆಗೆದಿರಿ?

ಕೆಂಪಂಗಿ_7
ಮೂಲ ಫೋಟೋದಿಂದ. ನನ್ನ ಫೈಲ್‌ನಲ್ಲಿ ಆಗಲೇ ನೀಲಿ ಆಗಿತ್ತಲ್ಲ. ಕೆಳಗೆ ಯಾರದೋ ಕೈ ಬಂದಿತ್ತು ಅಂತ ಮೊದಲೇ ಕತ್ತರಿಸಿದ್ದೆ.

ನೆರಳು_ನೋಡುವವ
ಇದನ್ನು ಮೊದಲೇ ಹೇಳಬಾರದಿತ್ತಾ! ಮ್ಯಾಪ್ 4000 ಎತ್ತರ, ಫೈಲ್ 3800 ಅಂದುಕೊಳ್ಳಿ. Stretch To Fit ಅದನ್ನು ಹಿಂಡಿ ಕೂರಿಸುತ್ತದೆ. 1500ರಲ್ಲಿರುವ ಮಡಿಕೆ ಮ್ಯಾಪ್‌ನಲ್ಲಿ 1425ಕ್ಕೆ ಬರುತ್ತದೆ. ಮ್ಯಾಪನ್ನೂ ಅಷ್ಟೇ ಕತ್ತರಿಸಿ ಮತ್ತೆ ಕೊಡಿ.

ಕೆಂಪಂಗಿ_7
ಕೂತಿತು. ಕಂಕುಳಿಂದ ಬರುವ ಓರೆ ಮಡಿಕೆಯಲ್ಲಿ 8ರ ಸೊಂಟ ಬಟ್ಟೆ ಜೊತೆಗೇ ತಿರುಗಿದೆ. ತುಂಬಾ ಥ್ಯಾಂಕ್ಸ್ ಸರ್. ಆ ರೆಡ್ ಚಾನೆಲ್ಲನ್ನೇ 18ರ ಮೇಲೆ ಮಲ್ಟಿಪ್ಲೈ ಹಾಕಿದೆ, ನೆರಳೂ ಬಂತು, ಬೆವರಿನ ಕಲೆಯೂ ಬಂತು.

ಬಣ್ಣದ_ಬುಟ್ಟಿ
ಕಲೆ ನಂಬರ್ ಮೇಲೆ ಬರಬಾರದು. ಶಾಖ ಕೊಟ್ಟು ಅಂಟಿಸುವ ವಿನೈಲ್ ನೀರು ಕುಡಿಯಲ್ಲ. ಸುತ್ತ ಬಟ್ಟೆ ಕಪ್ಪಾದರೂ ನಂಬರ್ ಹಾಗೇ ಇರುತ್ತದೆ.

ಪಿಕ್ಸೆಲ್_ಪುಟ್ಟ
ಸಬ್ಲಿಮೇಷನ್ ಆದರೆ ಬಣ್ಣ ನೂಲಿನೊಳಗೇ ಇರುತ್ತದೆ. ಒದ್ದೆಯಾದರೆ ಅದೂ ಕಪ್ಪಾಗುತ್ತದೆ.

ಬಣ್ಣದ_ಬುಟ್ಟಿ
ಫೋಟೋದಲ್ಲಿರುವ ಹಳೇ 7ರ ಅಂಚು ಎದ್ದು ನಿಂತಿದೆ, ಅದು ಅಂಟಿಸಿದ್ದೇ.

ಪಿಕ್ಸೆಲ್_ಪುಟ್ಟ
ಹೊಸ ತಂಡದ್ದು ಅಂಟಿಸಿದ್ದೇ ಅಂತ ಯಾರು ಹೇಳಿದರು?

ನೆರಳು_ನೋಡುವವ
ಹೊಸ ತಂಡದ ಆಟಗಾರ ಬೆವರಿರುವ ನಿಜವಾದ ಫೋಟೋ ಒಂದನ್ನು ದೊಡ್ಡದು ಮಾಡಿ ನೋಡಿ. ವಿನೈಲ್ ಆದರೆ ಇನ್ನೊಂದು ಕೆಲಸ ಇದೆ. ಅದು ಬಟ್ಟೆಯಷ್ಟು ಸಣ್ಣದಾಗಿ ಮಡಿಯುವುದಿಲ್ಲ, ಸಣ್ಣ ಸುಕ್ಕುಗಳ ಮೇಲೆ ಸೇತುವೆ ಹಾಗೆ ನಿಲ್ಲುತ್ತದೆ. ಬ್ಲರ್ 3 ಸಾಲದು, 8 ಮಾಡಿ ನೋಡಬೇಕು.

ಜಿಂಪ್_ಗಿರಿ
ನನ್ನ ಎರಡು ಮಾನಿಟರ್ ಸೆಟಪ್‌ನಲ್ಲಿ ಇದೆಲ್ಲ ಸಲೀಸು. ಫೋಟೋ ಹಾಕಲಾ?

ಕೆಂಪಂಗಿ_7
ಹತ್ತಿರದ ಫೋಟೋ ಹುಡುಕುತ್ತಿದ್ದೇನೆ, ಸಿಕ್ಕಿದರೆ 8 ಬ್ಲರ್ ಕೊಟ್ಟು ತೋರಿಸುತ್ತೇನೆ.